ನಲವತ್ತೊಂದು ಕೀಲಿಕೈ

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಶಂಕರಲಿಂಗಪ್ಪನವರಿಗೆ ಸಿನಿಮಾ ತೆಗೆಯುವ ಮನಸ್ಸಾಯಿತು. ಚಿತ್ರಕಥೆಗೆಂದು ಬಾಗಲಕೋಟೆಯ ಆಫ್ರೀನಳನ್ನು ಕರೆಸಿದರು. ಒಂದು ಧಾರಾವಾಹಿಗೆ ಎರಡು ವರ್ಷ ಬರೆದು ಕೈ ಪಳಗಿಸಿಕೊಂಡವಳು. ಅವಳ ಕಥೆ ಸರಳವಾಗಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಮನೆಯನ್ನು ಬಿಟ್ಟು ಹೊರಡುವಾಗ ಗಂಗವ್ವ ಎಂಬ ಮುದುಕಿ ಖಾಲಿ ಮನೆಗೆ ಕೀಲಿ ಜಡಿಯುತ್ತಾಳೆ, ಓಣಿಯವರು ನಗುತ್ತಾರೆ. ಆ ಕೀಲಿಕೈ ಅವಳ ಜೊತೆ, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬರುತ್ತದೆ. ಸೊಸೆ ಅದನ್ನು ಕಪಾಟಿಗೆ ಹಾಕಿ ನೋಡಿ, ಹೊಂದದೆ ಮೂಲೆಗೆ ಎಸೆಯುತ್ತಾಳೆ. ಮುಂದೊಮ್ಮೆ ಗುಜರಿಯವನ ಬುಟ್ಟಿಯಲ್ಲಿ ಕಂಡಾಗ ಗಂಗವ್ವ ಕೈಯೊಡ್ಡಿ ಬೇಡಿ ವಾಪಸು ಪಡೆಯುತ್ತಾಳೆ. ಮಗ ಅದರ ಸಲುವಾಗಿ ರೇಗಿದಾಗ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಕೊನೆಗೆ ಬೇಸಿಗೆಯಲ್ಲಿ ನೀರು ಇಳಿದು ಹೊಸ್ತಿಲಿನ ಕಲ್ಲು ಮೇಲೆದ್ದಾಗ, ಅದರ ಮೇಲೆ ಕೀಲಿಕೈ ಇಟ್ಟು ಬರಿಗೈಲಿ ಹಿಂತಿರುಗುತ್ತಾಳೆ.

ಅರವತ್ತು ದೃಶ್ಯಗಳಲ್ಲಿ ಐದೇ ಸಲ. ಇದಕ್ಕೆಂದೇ ಆಫ್ರೀನ ಒಂದು ಪಟ್ಟಿ ಮಾಡಿಟ್ಟಿದ್ದಳು: ದೃಶ್ಯ ಎಷ್ಟನೆಯದು, ಕೀಲಿಕೈ ಯಾರ ಕೈಯಲ್ಲಿದೆ, ಹೊಳಪಿದೆಯೋ ತುಕ್ಕು ಹಿಡಿದಿದೆಯೋ, ಈ ಸಲ ಅದಕ್ಕೆ ಹೊಸದಾಗಿ ಯಾವ ಅರ್ಥ ಸೇರಿತು. ಕೊನೆಯ ಖಾನೆಯಲ್ಲಿ ಬರೆಯಲು ಏನೂ ಇಲ್ಲದಿದ್ದರೆ ಆ ದೃಶ್ಯದಿಂದ ಕೀಲಿಕೈ ತೆಗೆಯುವುದು ಅವಳ ಪದ್ಧತಿ.

ಶಂಕರಲಿಂಗಪ್ಪನವರು ಹುಬ್ಬಳ್ಳಿಯಲ್ಲಿ ಒಂದು ದಿನದ ಸಿನಿಮಾ ಶಿಬಿರಕ್ಕೆ ಹೋಗಿ ಬಂದದ್ದೇ ತೊಂದರೆಯಾಯಿತು. ಕಥೆಯಲ್ಲಿ ಮತ್ತೆ ಮತ್ತೆ ಬಂದು ಅರ್ಥ ಕೊಡುವ ವಸ್ತುವಿಗೆ ಮೋಟಿಫ್ ಎನ್ನುತ್ತಾರೆಂದು ಅಲ್ಲಿ ಯಾರೋ ಹೇಳಿಕೊಟ್ಟಿದ್ದರು. ಬಾದಾಮಿಯ ಲಾಡ್ಜಿನಲ್ಲಿ ಚರ್ಚೆಗೆ ಕೂತಾಗ ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಬೇಸರದಿಂದ ಕೇಳಿದರು.

"ತಂಗಿ, ಐದ ಸಲ? ನಾ ಏನ್ ಕಡಿಮಿ ಮಾಡೇನಿ ನಿನಗ?"

ಮರುದಿನದಿಂದ ಅವರ ತಲೆಯಲ್ಲಿ ಗಳಿಗೆಗೊಂದು ಕೀಲಿಕೈ ಹುಟ್ಟತೊಡಗಿತು. ನಾಯಕ ಅದನ್ನು ಬೆರಳಲ್ಲಿ ತಿರುಗಿಸುತ್ತ ಬರಬೇಕು. ನಾಯಕಿಯ ಕಿವಿಯೋಲೆ ಅದೇ ಆಕಾರದ್ದಿರಬೇಕು. ಖಳನಾಯಕ ಅದರಿಂದಲೇ ಕಿವಿ ಕೆರೆದುಕೊಳ್ಳಬೇಕು. ನಿರ್ದೇಶಕ ವಿಜಯಮಹಾಂತೇಶ ಎಲ್ಲಕ್ಕೂ "ಭಾರಿ ಆತ್ರಿ ಸಾಹುಕಾರ್ರ" ಅನ್ನುತ್ತ ಬರೆದುಕೊಂಡ. ವಾರದೊಳಗೆ ಎಣಿಕೆ ನಲವತ್ತೊಂದಕ್ಕೆ ಮುಟ್ಟಿತು. ಆಫ್ರೀನ ಹಟಕ್ಕೆ ಬಿದ್ದು ಅಷ್ಟನ್ನೂ ಪಟ್ಟಿಗೆ ಏರಿಸಿದಳು. ಇಪ್ಪತ್ತೆಂಟನೆಯ ದೃಶ್ಯದಲ್ಲಿ ಗುಜರಿಗೆ ಹೋದ ಕೀಲಿಕೈ ಇಪ್ಪತ್ತೊಂಬತ್ತರಲ್ಲಿ ನಾಯಕನ ಸೊಂಟದಲ್ಲಿತ್ತು. ಮೂವತ್ತಾರು ಕಡೆ ಕೊನೆಯ ಖಾನೆ ಖಾಲಿ. ಅದನ್ನು ತೋರಿಸಿದಾಗ ಸಾಹುಕಾರರು, ಖಾಲಿ ಜಾಗದಲ್ಲಿ ಪ್ರೇಕ್ಷಕರು ತಮ್ಮ ಅರ್ಥ ತುಂಬಿಕೊಳ್ಳುತ್ತಾರೆ ಎಂದರು. ಅದೂ ಶಿಬಿರದಲ್ಲೇ ಕೇಳಿದ್ದು.

ಈ ಹೊಸ ಪ್ರತಿಯನ್ನು ಆಫ್ರೀನ ಓದಿ ತೋರಿಸುವ ಕೆಲಸ ಇಳಕಲ್ಲಿನಲ್ಲಿ, ಸಾಹುಕಾರರ ಮನೆಯ ಪಡಸಾಲೆಯಲ್ಲಿ ನಡೆಯಿತು. ಕೇಳಲು ಅವರ ಹೆಂಡತಿ ಮಹೇಶ್ವರಿ, ಆಕೆಯ ಇಬ್ಬರು ಅಕ್ಕಂದಿರು, ಚಹಾ ಹಿಡಿದು ಬಂದು ಅಲ್ಲೇ ಕೂತ ಮನೆಗೆಲಸದ ಗುಲಾಬಬಿ. ಹತ್ತನೆಯ ದೃಶ್ಯದವರೆಗೆ ಎಲ್ಲರೂ ಗಂಭೀರವಾಗಿದ್ದರು. ಇಪ್ಪತ್ತರ ಹೊತ್ತಿಗೆ ಒಬ್ಬ ಅಕ್ಕ ಬೆರಳು ಮಡಚಿ ಎಣಿಸತೊಡಗಿದಳು. ಮೂವತ್ತು ದಾಟಿದ ಮೇಲೆ ಕೀಲಿಕೈ ಎಂಬ ಮಾತು ಬಂದಾಗಲೆಲ್ಲ ಗುಲಾಬಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗವ್ವ ಹೊಸ್ತಿಲಿನ ಮುಂದೆ ನಿಂತು ಸೆರಗಿನ ಗಂಟು ಬಿಚ್ಚುವ ಕಡೆಗೆ ಬರುವಷ್ಟರಲ್ಲಿ ನಾಲ್ವರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಶಂಕರಲಿಂಗಪ್ಪನವರ ಮುಖ ಸಣ್ಣದಾಯಿತು. ಓದುವ ಧಾಟಿಯೇ ಸರಿ ಇರಲಿಲ್ಲ ಎಂದರು. ಧಾಟಿಯದೇ ತಪ್ಪು ಎಂದು ವಿಜಯಮಹಾಂತೇಶನೂ ಒಪ್ಪಿದ. ಆಗ ಆಫ್ರೀನ, ಹಾಗಿದ್ದರೆ ನಾಳೆ ಅದೇ ಧಾಟಿಯಲ್ಲಿ ಮೊದಲಿನ ಪ್ರತಿ ಓದುತ್ತೇನೆ, ಕೇಳಿರಿ ಎಂದಳು.

ಮರುದಿನ ಓದಿದಳು. ಸೊಸೆ ಮೂಲೆಗೆ ಎಸೆದ ಮೇಲೆ ಕೀಲಿಕೈ ಬಹಳ ಹೊತ್ತು ಬರಲೇ ಇಲ್ಲ. ಗುಜರಿಯವನ ಬುಟ್ಟಿಯಲ್ಲಿ ಅದು ಕಂಡಾಗ ಗುಲಾಬಬಿ, "ಅಯ್ಯ, ಅಲ್ಲಿ ಹೆಂಗ ಹೋತು" ಎಂದು ಮುಂದೆ ಸರಿದು ಕೂತಳು. ಹೊಸ್ತಿಲಿನ ದೃಶ್ಯ ಮುಗಿದ ಮೇಲೆ, ನಿನ್ನೆ ಬೆರಳು ಮಡಚಿ ಎಣಿಸಿದ್ದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹುಕಾರರು ಕನ್ನಡಕ ತೆಗೆದು ಒರೆಸಿದರು. ಆಫ್ರೀನಳಿಗೆ ಒಳಗೊಳಗೇ ಹಿಗ್ಗು.

ಆಗ ಮಹೇಶ್ವರಿ ಕೇಳಿದಳು: "ತಂಗಿ, ಸೆರಗಿಗೆ ಗಂಟು ಹಾಕುವಾಗ ಆಕಿ ಒಂದು ಮಾತ ಅಂತಾಳಲ್ಲ, 'ಇದು ಕೀಲಿಕೈ ಅಲ್ಲ, ನನ್ನ ಊರು' ಅಂತ. ಆಕಿನ ಹೇಳಿಬಿಟ್ರ ನಾವೇನ್ ಮಾಡೂದು?"

ಅದು ಆಫ್ರೀನ ಅತಿ ಹೆಮ್ಮೆಯಿಂದ ಬರೆದ ಸಾಲು. ವಿಜಯಮಹಾಂತೇಶ ಅದನ್ನು ಆಗಲೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ. ಅವಳು ವಾದಕ್ಕೆ ಬಾಯಿ ತೆರೆದಳು. ಆ ದೃಶ್ಯದೆದುರು ಪಟ್ಟಿಯ ಕೊನೆಯ ಖಾನೆಯಲ್ಲಿ ಏನು ಬರೆದಿದ್ದೇನೆಂದು ಒಮ್ಮೆ ನೋಡಿದಳು. ಅಕ್ಷರಕ್ಕೆ ಅಕ್ಷರ ಅದೇ ಮಾತು. ತನಗೆಂದು ಬರೆದುಕೊಂಡ ಟಿಪ್ಪಣಿಯನ್ನೇ ಮುದುಕಿಯ ಬಾಯಿಗೆ ತುರುಕಿದ್ದಳು. ಕಿವಿ ಬಿಸಿಯಾಯಿತು.

"ಖರೆ ಐತ್ರಿ ಅಕ್ಕಾರ," ಎಂದು ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು.

ಮುಹೂರ್ತದ ದಿನ ಬನಶಂಕರಿ ಗುಡಿಯ ಮುಂದೆ ಶಂಕರಲಿಂಗಪ್ಪನವರು ಪತ್ರಕರ್ತರಿಗೆ ಅರ್ಧ ಗಂಟೆ ಮಾತಾಡಿದರು. ವಸ್ತು ಕಡಿಮೆ ಸಲ ಬಂದಷ್ಟೂ ತೂಕ ಹೆಚ್ಚು, ಇದನ್ನು ಹುಡುಗರಿಗೆ ತಿಳಿಸಿಹೇಳಲು ತಮಗೆ ಭಾಳ ತ್ರಾಸಾಯಿತು ಎಂದರು. ವಿಜಯಮಹಾಂತೇಶ ತಲೆಯಾಡಿಸಿದ. ಆಫ್ರೀನ ಮಹೇಶ್ವರಿಯ ಮಗ್ಗುಲಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು.