ಎರಡು ಪಂಪಿನ ಲೆಕ್ಕ

ಮುಂಬಯಿ ಪಕ್ಕದ ಕಳಂಬೋಲಿಯ ಗೋದಾಮಿನ ಶಟರ್ ದಾಟಿದ್ದೇ ಗುಣಪಾಲರು ತಲೆಯೆತ್ತಿ ಮಾಡು ನೋಡಿದರು. ಬೆಂಕಿ ಬಿದ್ದರೆ ಮೇಲಿನಿಂದ ನೀರು ಚಿಮ್ಮಿಸುವ ಇಲ್ಲಿನ ಸ್ಪ್ರಿಂಕ್ಲರ್ ವಿನ್ಯಾಸದ ವಿವರಣೆ ಬರೆದವರು ಅವರೇ. ಆಗ ಒಳಗಿದ್ದದ್ದು ರಟ್ಟಿನ ಪೆಟ್ಟಿಗೆಗಳಲ್ಲಿ ನಟ್ಟು-ಬೋಲ್ಟು, ಆಳೆತ್ತರಕ್ಕೆ. ಅಪಾಯದ ವರ್ಗ ಸಾಧಾರಣ ಎಂದು ಬರೆದಿದ್ದರು. ಈಗ ನೋಡಿದರೆ ಮಾಡಿನವರೆಗೂ ಫೋಮ್ ಹಾಸಿಗೆ! ಅದರ ನಡುವೆ ಹಮಾಲರು ಓಡಾಡುತ್ತಿದ್ದರು.

ಚದರ ಮೀಟರಿಗೆ ನಿಮಿಷಕ್ಕೆ ಐದು ಲೀಟರಿನಂತೆ, ಮುನ್ನೂರ ಅರವತ್ತು ಚದರ ಮೀಟರ್ ತೋಯಿಸುವ ನೀರಿನ ಲೆಕ್ಕ ಅವರದು. ಅದಕ್ಕೆ ಕರೆಂಟಿನ ಒಂದು ಪಂಪು ಸಾಕು. ಕರೆಂಟ್ ಕೈಕೊಟ್ಟರೆ ಅಷ್ಟೇ ಶಕ್ತಿಯ ಡೀಸೆಲ್ ಪಂಪು. ಪೈಪಿನ ಒತ್ತಡ ಇಳಿಯದಂತೆ ಕಾಯಲು ಪುಟ್ಟ ಜಾಕಿ ಪಂಪು. ಆದರೆ ಇಷ್ಟೆತ್ತರದ ಫೋಮಿಗೆ ಆ ನೀರು ಯಾವ ಮೂಲೆಗೆ?

ಗೋದಾಮಿನ ಯಜಮಾನ ಹಿತೇಶ್ ಗುಣಪಾಲರ ಊರಿನವರ ಮಗ, ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. "ಟೆನ್ಶನ್ ಯಾಕೆ ಅಂಕಲ್? ಎರಡೂ ಪಂಪ್ ಒಟ್ಟಿಗೆ ಚಾಲೂ ಮಾಡುವ. ನೀರು ಡಬಲ್. ಫೋಮಿಗೂ ಅಷ್ಟು ಸಾಕು ಅಂತ ಬರೆದು ಸಹಿ ಹಾಕಿ. ಮುಂದಿನ ಗೋದಾಮುಗಳೂ ನಿಮಗೇ."

ಕೆಲಸವಿಲ್ಲದೆ ನೊಣ ಹೊಡೆಯುತ್ತಿದ್ದ ಗುಣಪಾಲರಿಗೆ ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. "ಮೊದಲು ಓಡಿಸಿ ನೋಡುವ," ಎಂದರು.

ಪರೀಕ್ಷೆಯ ಪೈಪನ್ನು ಪೂರ್ತಿ ತೆರೆದು ಎರಡೂ ಪಂಪು ಓಡಿಸಿದರು. ನೀರು ಭೋರೆಂದಿತು, ಒತ್ತಡದ ಮುಳ್ಳು ಗಟ್ಟಿಯಾಗಿ ನಿಂತಿತು. ಹಿತೇಶ್ ಮೀಸೆಯಲ್ಲೇ ನಕ್ಕ. ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಕರೆಂಟಿನ ಪಂಪು ಉಸ್ಸೆಂದು ನಿಂತಿತು. ಡೀಸೆಲ್ ಒಂದೇ ಏದುಸಿರು ಬಿಡುತ್ತಾ ಓಡಿತು, ಮುಳ್ಳು ಜರ್ರನೆ ಕೆಳಗಿಳಿಯಿತು. ಗುಣಪಾಲರು ಮುಳ್ಳಿನತ್ತ ಬೆರಳು ತೋರಿಸಿದರು.

"ಕಂಡ್ಯಾ ಮಾರಾಯಾ? ಒಂದು ನಿಂತರೆ ಇನ್ನೊಂದೇ ಪೂರ್ತಿ ಭಾರ ಹೊರಬೇಕು. ಅದಕ್ಕೇ ಎರಡು ಇಟ್ಟದ್ದು. ಮೇಲಾಗಿ ಎರಡೂ ಓಡಿದರೆ ಟ್ಯಾಂಕು ಅರ್ಧ ಹೊತ್ತಿಗೇ ಖಾಲಿ. ಫೋಮ್ ಹೊರಗೆ ಹಾಕು, ಇಲ್ಲದಿದ್ದರೆ ಪಂಪು, ಪೈಪು, ಟ್ಯಾಂಕು ಎಲ್ಲ ದೊಡ್ಡದು ಮಾಡು. ನಾನು ಸಹಿ ಹಾಕುವುದಿಲ್ಲ."

"ಲೋಡ್‌ಶೆಡ್ಡಿಂಗಲ್ಲೇ ಬೆಂಕಿ ಬೀಳ್ತದಾ ಅಂಕಲ್? ಬಿಡಿ, ಸಹಿ ಹಾಕುವವರು ಬೇರೆ ಸಿಗ್ತಾರೆ," ಎಂದು ಹಿತೇಶ್ ಕಾರು ಹತ್ತಿದ. ಬೆಂಕಿ ಬಿದ್ದಾಗ ಬಾವಿ ತೋಡುವ ಜಾತಿ!

ಸಹಿ ಹಾಕಲಿಲ್ಲ, ತಮ್ಮ ಕೈ ಶುದ್ಧ ಎಂದು ಗುಣಪಾಲರು ಬಾಗಿಲಿಗೆ ಬಂದರು. ಶುದ್ಧ ಅನಿಸಲಿಲ್ಲ. ಹಮಾಲರ ಮುಕಾದಮ ಸಿದ್ರಾಮನನ್ನು ಕರೆದರು.

"ಒಳಗೆ ಬೀಡಿ ಸೇದಬೇಡಿ. ಕೆಲಸ ಮುಗಿದ ಕೂಡಲೇ ಎಲ್ಲರೂ ಹೊರಗೆ ಬನ್ನಿ, ಆಯಿತಾ?"

ಸಿದ್ರಾಮ ಸಂಕೋಚದಿಂದ ನಕ್ಕ. "ಹೊರಗ ಎಲ್ಲಿಗ್ ಹೋಗೂದ್ರಿ ಸಾಹೇಬ್ರ? ಹೆಂಡ್ರು ಮಕ್ಳು ಕೂಡ ರಾತ್ರಿ ಇಲ್ಲೇ ಮಲಗ್ತೀವ್ರಿ. ಶೇಠ್ರು ಹೊರಗಿಂದ ಶಟರ್ ಹಾಕ್ಕೊಂಡ್ ಹೋಗ್ತಾರ. ಮಕ್ಳಿಗಂತೂ ಭಾರಿ ಖುಷಿ ಆಗ್ಯಾದ್ರಿ. ಹುಟ್ಟಿದಾಗಿಂದ ಇಂಥಾ ಮೆತ್ತನ್ ಹಾಸ್ಗಿ ಕಂಡಿಲ್ಲ."

ಗುಣಪಾಲರು ಅಗ್ನಿಶಾಮಕ ಠಾಣೆಯ ನಂಬರ್ ಒತ್ತಿದರು. ಆ ಕಡೆಯವರು ದೂರು ಕೊಡುವವರ ಹೆಸರು ಕೇಳಿದಾಗ, ಅಪ್ಪನ ಹೆಸರೂ ಸೇರಿಸಿ ಪೂರ್ತಿ ಹೇಳಿದರು.