ಎರಡು ರಕ್ತಪರೀಕ್ಷೆ

ದಂಡುಪ್ರದೇಶದ ನರ್ಸಿಂಗ್ ಹೋಮಿಗೆ ಗಂಜಿ ತಂದ ಅತ್ತಿಗೆ ಅಂಜಿನಮ್ಮನನ್ನು ಮುನಿಆಂಜನಪ್ಪ ಬೆಳಿಗ್ಗೆಯೇ ಗೇಟಿನಾಚೆ ಅಟ್ಟಿದ್ದ. ಅಣ್ಣನೊಡನೆ ಜಮೀನು ಪಾಲಾದಾಗಿನಿಂದ ಆ ಮನೆಯ ನೀರೂ ಅವನಿಗೆ ಬೇಡ.

ಆಪರೇಷನ್ ಆಗಿದ್ದ ಹೆಂಡತಿಯನ್ನು ಅಂದೇ ಮನೆಗೆ ಕರೆದೊಯ್ಯಬೇಕಿತ್ತು. ದಿನವಾರು ಬರೆದ ಬಿಲ್ಲು ಉದ್ದವಿತ್ತು. ತಪ್ಪು ಹಿಡಿಯಲೆಂದೇ ಅವನು ರೂಮು, ಔಷಧಿ, ಪರೀಕ್ಷೆ, ಆಪರೇಷನ್ ಎಂದು ನಾಲ್ಕು ಭಾಗ ಮಾಡಿ ಬೇರೆ ಹಾಳೆಗೆ ಇಳಿಸಿದ. ಬಿಲ್ಲಿನಲ್ಲಿ ದೂರದೂರ ಇದ್ದ ಎರಡು ಸಾಲು ಪರೀಕ್ಷೆಯ ಭಾಗದಲ್ಲಿ ಅಕ್ಕಪಕ್ಕ ಬಂದವು: ಒಂದೇ ತಾರೀಕು, ಎರಡು ಸಲ ರಕ್ತದ ಗುಂಪಿನ ಪರೀಕ್ಷೆ.

ಅವನು ಗುಮಾಸ್ತರ ಮೇಜು ಬಡಿದ. “ಒಬ್ಬಳ ರಕ್ತದ ಗುಂಪು ಎರಡೆರಡು ಸಲ ನೋಡ್ತಾರೇನ್ರೀ? ಹಗಲು ದರೋಡೆ!”

ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ರಿಜಿಸ್ಟರು ತೆಗೆದರು.

“ಒಂದು ನಿಮ್ಮ ಮನೆಯವರದು. ಇನ್ನೊಂದು ಅವರಿಗೆ ರಕ್ತ ಕೊಟ್ಟೋರದು. ಅಂಜಿನಮ್ಮ ಅಂತ. ನಿಮಗೆ ಹೇಳ್ಬೇಡಿ ಅಂದಿದ್ರು.”

ಮುನಿಆಂಜನಪ್ಪ ಹಾಳೆ ಮಡಿಸಿಕೊಂಡು ಹೊರಗೆ ಬಂದ. ಅತ್ತಿಗೆ ಇನ್ನೂ ಗೇಟಿನಾಚೆ ಪಾತ್ರೆ ಹಿಡಿದು ನಿಂತಿದ್ದಳು.

“ಅತ್ಗೆ, ಆ ಗಂಜಿ...” ಎಂದು ಪಾತ್ರೆಗೆ ಕೈ ಚಾಚಿದ.

“ತಣ್ಣಗಾಗೈತೆ ಕಣಪ್ಪಾ,” ಎಂದಳು ಅವಳು. “ಇರು, ಬಿಸಿ ಮಾಡ್ಕೊಂಡು ಬರ್ತೀನಿ.”