ನಾಲ್ಕನೇ ಬೇಡಿಕೆ

ಬಟ್ಟೆ ಗಿರಣಿಯ ಕಾರ್ಮಿಕ ಸಂಘದ ಸಹ ಕಾರ್ಯದರ್ಶಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಚೇರಿಯಲ್ಲಿ ಕೂತಿದ್ದಳು. ಆಡಳಿತದವರ ಜೊತೆ ನಿನ್ನೆ ನಡೆದ ಮಾತುಕತೆಯನ್ನು ಎರಡೂ ಕಡೆಯವರ ಒಪ್ಪಿಗೆಯಿಂದ ರೆಕಾರ್ಡ್ ಮಾಡಿದ್ದರು. ಅದನ್ನು ಒಂದೇ ಪುಟಕ್ಕೆ ಇಳಿಸಿ ಸದಸ್ಯರ ಮುಂದಿಡುವುದು ಅವಳ ಕೆಲಸ. ಮಾತಿನಲ್ಲಿ ಅರ್ಧ ಸಂಘದ ಅಧ್ಯಕ್ಷರ ಕೆಮ್ಮು, ಇನ್ನರ್ಧ ಮ್ಯಾನೇಜರರ 'ನೋಡೋಣ'. ಇಷ್ಟರಲ್ಲೇ ಗಿರಣಿಯವರೆಲ್ಲರ ಮನೆಯ ಒಲೆ ಉರಿಯಬೇಕಿತ್ತು.

ಹಾಳೆಯ ಮೇಲೆ ಮೂರು ಕಾಲಂ ಎಳೆದಳು: ಬೇಡಿಕೆ, ಆಡಳಿತ ಹೇಳಿದ್ದು, ಈಗಿನ ಸ್ಥಿತಿ. ಸಂಬಳ: ಕೇಳಿದ್ದು ಶೇಕಡಾ ಹದಿನೈದು, ಕೊಡುತ್ತೇವೆಂದದ್ದು ಆರು, ಒಪ್ಪಂದವಾಗಿಲ್ಲ. ರಾತ್ರಿ ಪಾಳಿಗೆ ಬಸ್ಸು: ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಬರಹದಲ್ಲಿ ಬರಬೇಕು. ಕ್ಯಾಂಟೀನ್: ಸಮಿತಿ ಮಾಡುತ್ತಾರಂತೆ. ನಾಲ್ಕನೆಯದು ಬಣ್ಣದ ವಿಭಾಗ. ತಿಂಗಳ ಕೊನೆಗೆ ಅದು ಮುಚ್ಚುತ್ತದೆ. ಅಲ್ಲಿನವರಿಗೆ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕೆಂಬುದು ಬೇಡಿಕೆ. ಅವಳ ಗಂಡ ಇರುವುದು ಅಲ್ಲೇ. 'ಮುಂದಿನ ಸಭೆಯಲ್ಲಿ ಹೇಳ್ತೀವಿ' ಎಂದಿದ್ದರು ಮ್ಯಾನೇಜರ್.

ಕೆಳಗೆ ಮುಂದಿನ ಸಭೆಯ ದಿನ ಬರೆದಳು: ಮುಂದಿನ ತಿಂಗಳ ಮೊದಲ ಸೋಮವಾರ. ಅಲ್ಲಿಗೆ ಕೈ ನಿಂತಿತು. ಅಷ್ಟು ಹೊತ್ತಿಗೆ ಬಣ್ಣದ ವಿಭಾಗಕ್ಕೆ ಬೀಗ ಬಿದ್ದಿರುತ್ತದೆ.

ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದಳು. ಚಹಾ ಕಪ್ಪುಗಳ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ಅವಳದೇ ದನಿ: "ತಿಂಗಳ ಕೊನೇಲಿ ಸಂಘದ ಲೆಕ್ಕಪತ್ರ ಇರತ್ತೆ ಸರ್. ಮೊದಲ ಸೋಮವಾರ ಇಟ್ಕೊಳ್ಳೋಣ." ಎಲ್ಲರೂ ಸರಿ ಎಂದಿದ್ದರು. ಅಳು ಬರಬೇಕಿತ್ತು, ಬರಲಿಲ್ಲ.

ಅಧ್ಯಕ್ಷರನ್ನು ಕರೆದು ಕೇಳಿಸಿದಳು. ಅವರು ಕೆಮ್ಮುವುದನ್ನೂ ಮರೆತು ಆಡಳಿತದವರಿಗೆ ಫೋನ್ ಹಚ್ಚಿದರು.

"ಮ್ಯಾನೇಜರ್ ಊರಲ್ಲಿಲ್ವಂತೆ. ಸಭೆ ಅದಕ್ಕಿಂತ ಮುಂಚೆ ಇಡೋಕಾಗಲ್ಲ, ದಿನ ಕೇಳಿದ್ದು ನೀವೇ ಅಲ್ವಾ ಅಂತಾರೆ," ಎಂದರು ಫೋನ್ ಇಟ್ಟು. "ನಾಲ್ಕನೇದು 'ಚರ್ಚೆಯಲ್ಲಿದೆ' ಅಂತ ಬರೆದುಬಿಡಮ್ಮ. ಸುಳ್ಳೇನಲ್ವಲ್ಲ."

"ಸುಳ್ಳಲ್ಲ ಸರ್. ಆದ್ರೆ ಅದನ್ನ ಓದಿದೋರು ಬಾಗಿಲು ಮುಚ್ಚೋವರೆಗೂ ಕಾಯ್ತಾರೆ."

ಅವರು ಮುಖ ತಿರುಗಿಸಿ, ನಾಲ್ಕನೇ ಸಾಲು ಖಾಲಿ ಇದ್ದ ಹಾಳೆಗೇ ಸಹಿ ಹಾಕಿದರು. ಅಲ್ಲಿ ಅವಳು ಬರೆದದ್ದು ಇಷ್ಟು: ಆಡಳಿತ ಏನನ್ನೂ ಕೊಡುತ್ತೇನೆಂದಿಲ್ಲ. ವಿಭಾಗ ಮುಚ್ಚುವುದು ತಿಂಗಳ ಕೊನೆಗೆ. ಸಭೆ ಅದರ ನಂತರ. ದಿನ ಸೂಚಿಸಿದ್ದು ಸಂಘ.

ಪಾಳಿ ಬಿಡುವ ಹೊತ್ತಿಗೆ ಗೇಟಿನ ಬೋರ್ಡಿಗೆ ಹಾಳೆ ಅಂಟಿಸಿದಳು. ಬಣ್ಣದ ವಿಭಾಗದವರು ಮುತ್ತಿಕೊಂಡರು, ಮುಂದೆ ಅವಳ ಗಂಡ.

"ಯಾವ ಪುಣ್ಯಾತ್ಮ ಈ ದಿನ ಕೇಳಿದ್ದು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಾನು," ಎಂದಳು.

ಗಂಡ ನಾಲ್ಕನೇ ಸಾಲನ್ನು ಇನ್ನೊಮ್ಮೆ ಓದಿದ, ಅವಳ ಮುಖ ನೋಡಲಿಲ್ಲ.

"ಸ್ವಲ್ಪ ಆಕಡೆ ಸರಿ," ಎಂದ. "ಹಿಂದಿನೋರೂ ಓದ್ಲಿ."